ಏಕಾದಶಿಯ ಮೂರನೆಯ ಸ್ನಾನ

ನಮಸ್ಕಾರ. ಧನುರ್ಮಾಸದ ನಸುಕಿನಲ್ಲಿ ಮೈಸೂರಿನ ಬಚ್ಚಲುಮನೆಗಳನ್ನು ನೀವು ನೋಡಿದ್ದೀರಿ. ಕಿಟಕಿಯ ಗಾಜಿನ ಪಟ್ಟಿಗಳಿಗೆ ಪ್ಲಾಸ್ಟಿಕ್ ಹಾಳೆ, ಬಾಗಿಲ ಸಂದಿಗೆ ಹಳೆಯ ಟವೆಲ್, ಗೋಡೆಯಲ್ಲಿ ಗ್ಯಾಸ್ ಗೀಸರ್. ಕುವೆಂಪುನಗರದ ನಮ್ಮ ಮನೆಯೂ ಹೀಗೆಯೇ ಇತ್ತು. ಮೋಡ ಕವಿದ ದಿನ ತಾರಸಿಯ ಸೋಲಾರ್ ಕೈಕೊಡುತ್ತದೆ ಎಂದು ಆ ಗೀಸರ್ ಹಾಕಿಸಿದವನು ನಾನೇ.

ವೈಕುಂಠ ಏಕಾದಶಿಯ ಬೆಳಗ್ಗೆ ಎಲ್ಲರಿಗೂ ದೇವಸ್ಥಾನದ ಸಾಲಿನ ಅವಸರ. ಮೊದಲು ಮಾವನವರು ಸ್ನಾನ ಮುಗಿಸಿದರು, ಆಮೇಲೆ ನನ್ನ ಹೆಂಡತಿ. ಅವಳು ತಲೆನೋವು ಎಂದಳು. ಉಪವಾಸದ ಪಿತ್ತ ಎಂದು ಕಾಫಿ ಕೊಟ್ಟೆವು. ಮೂರನೆಯವಳು ಮಂಡ್ಯದಿಂದ ಬಂದಿದ್ದ ಅಕ್ಕನ ಮಗಳು. ನೀರು ಸುರಿಯುತ್ತಲೇ ಇತ್ತು, ಕರೆದರೆ ಉತ್ತರವಿಲ್ಲ. ಚಿಲಕ ಮುರಿದು ನೋಡಿದರೆ ಗೋಡೆಗೆ ಒರಗಿ ಕುಸಿದಿದ್ದಳು. ಗೀಸರ್ ಆರಿಸಿ, ಅವಳನ್ನು ಎತ್ತಿ ಜಗುಲಿಗೆ ತಂದು 108ಕ್ಕೆ ಕರೆ ಮಾಡಿದೆವು.

ಪಕ್ಕದ ಮನೆಯವರು ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. 98 ತೋರಿಸಿತು. "ಆಮ್ಲಜನಕ ಚೆನ್ನಾಗಿಯೇ ಇದೆಯಲ್ಲ" ಎಂದರು. ಆ ಪುಟ್ಟ ಯಂತ್ರ ನೋಡುವುದು ರಕ್ತದ ಬಣ್ಣವನ್ನು. ಗೀಸರ್ ಉರಿಯಿಂದ ಹುಟ್ಟಿದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟುತ್ತದೆ, ರಕ್ತವನ್ನು ಕೆಂಪಾಗಿಯೇ ಇಡುತ್ತದೆ. ಸಾಮಾನ್ಯ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ನಿಜ ಹೇಳಿದ್ದು ಆಸ್ಪತ್ರೆಯ ರಕ್ತಪರೀಕ್ಷೆ. ಕೆಲವು ಗಂಟೆ ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಟ್ಟ ಮೇಲೆ ಹುಡುಗಿ ಚೇತರಿಸಿಕೊಂಡಳು.

"ಗ್ಯಾಸ್ ಸೋರಿರಬೇಕು" ಎಂದವರೇ ಹೆಚ್ಚು. ಸೋರಿದ್ದರೆ ವಾಸನೆ ಬರುತ್ತಿತ್ತು, ಏಕೆಂದರೆ ಸಿಲಿಂಡರ್ ಅನಿಲಕ್ಕೆ ದುರ್ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಇಲ್ಲಿ ಅನಿಲ ಸೋರಲಿಲ್ಲ, ಅರೆಬರೆ ಉರಿಯಿತು. ಹಾಗೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಮೂರನೆಯವಳೇ ಏಕೆ ಬಿದ್ದಳು? ನಮ್ಮ ಬಚ್ಚಲು ಐದು ಅಡಿಗೆ ಏಳು ಅಡಿ, ಎತ್ತರ ಎಂಟು. ಅಂದರೆ ಸುಮಾರು ಎಂಟು ಸಾವಿರ ಲೀಟರ್ ಗಾಳಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ ಕಾಲು ಕಿಲೋ ಅನಿಲ ಸುಡುತ್ತದೆ. ಅಷ್ಟು ಪೂರ್ತಿ ಉರಿಯಲು ಮೂರು ಸಾವಿರ ಲೀಟರ್ ಗಾಳಿ ಬೇಕು. ಮೊದಲನೆಯವರು ಒಳ್ಳೆಯ ಗಾಳಿಯಲ್ಲಿ ಮಿಂದರು. ಎರಡನೆಯವರ ಪಾಲಿಗೆ ಬಂದದ್ದು ಅವರ ಎಂಜಲು. ಆಮ್ಲಜನಕ ಇಳಿದಂತೆ ಜ್ವಾಲೆ ಕೆಡುತ್ತದೆ, ವಿಷ ಏರುತ್ತಾ ಹೋಗುತ್ತದೆ. ಹಳದಿ ಜ್ವಾಲೆ, ಬರ್ನರ್ ಮೇಲಿನ ಮಸಿ ಅದರ ಗುರುತುಗಳು. ಆದರೆ ನೀಲಿ ಜ್ವಾಲೆ ಕಂಡಿತೆಂದು ನೆಮ್ಮದಿಯಿಂದ ಇರಬೇಡಿ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುತ್ತೀರಿ. ಬಾಗಿಲ ಸಂದಿಗೆ ಟವೆಲ್ ತುರುಕಿದ ಕೋಣೆಯಿಂದ ಫ್ಯಾನ್ ಯಾವ ಗಾಳಿಯನ್ನು ಎಳೆದೀತು? ಕೆಳಗೆ ಒಳಬರುವ ದಾರಿ, ಮೇಲೆ ಹೊರಹೋಗುವ ದಾರಿ, ಎರಡೂ ಬೇಕು. ಮಂಡ್ಯದ ಹಳ್ಳಿಯಲ್ಲಿ ನಮ್ಮಜ್ಜಿಯ ಹಂಡೆ ಒಲೆಗೆ ತೆಂಗಿನ ಮಟ್ಟೆ ತುಂಬುತ್ತಿದ್ದದ್ದು ಹೊರಗಿನಿಂದ. ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತಿತ್ತು. ಅಜ್ಜಿ ಅದನ್ನು ಬೈಯುತ್ತಿದ್ದಳು, ನಾವು ಕೆಮ್ಮಿ ಓಡುತ್ತಿದ್ದೆವು. ಗೀಸರ್ ಯಾರನ್ನೂ ಕೆಮ್ಮಿಸುವುದಿಲ್ಲ.

ಆಮೇಲೆ ನಾನು ಮಾಡಿದ ದಡ್ಡತನ ಕೇಳಿ. ಈ ವಿಷ ಏರಿದರೆ ಕೂಗುವ ಅಲಾರಂ ಬೇಕೆಂದು ಅಂಗಡಿಗೆ ಹೋದೆ, ಅವರು ಕೊಟ್ಟದ್ದನ್ನು ನೆಲದಿಂದ ಒಂದು ಅಡಿ ಮೇಲೆ ಹೊಡೆಸಿದೆ. ಅದು ಸಿಲಿಂಡರ್ ಅನಿಲದ ಸೋರಿಕೆ ಹಿಡಿಯುವ ಯಂತ್ರ. ಆ ಅನಿಲ ಗಾಳಿಗಿಂತ ಭಾರ, ಆದ್ದರಿಂದ ಅದಕ್ಕೆ ನೆಲದ ಹತ್ತಿರವೇ ಸರಿ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ಕೊಂಚ ಹಗುರ, ಬಿಸಿಗಾಳಿಯ ಜೊತೆ ಮೇಲೇರಿ ಕೋಣೆಯೆಲ್ಲ ಬೆರೆಯುತ್ತದೆ. ಅದರ ಅಲಾರಂ ಬೇರೆ. ಅದನ್ನು ಬಚ್ಚಲಲ್ಲಿ ಇಡುವಂತೆಯೇ ಇಲ್ಲ, ಹಬೆಗೆ ಅದರ ಸೆನ್ಸರ್ ಹಾಳಾಗುತ್ತದೆ. ಬಾಗಿಲ ಹೊರಗೆ ಇಟ್ಟರೆ ಒಳಗೆ ಕುಸಿಯುತ್ತಿರುವವರ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತದೆ.

ಹಾಗಾಗಿ ನನ್ನ ಮಾತು ಇಷ್ಟು: ಬಚ್ಚಲೊಳಗಿನ ಗ್ಯಾಸ್ ಗೀಸರ್‌ಗೆ ಯಾವ ಅಲಾರಮ್ಮೂ ಮದ್ದಲ್ಲ, ಗೀಸರನ್ನೇ ಹೊರಗೆ ಹಾಕಿ. ನಮ್ಮದು ಈಗ ಹಿತ್ತಲಿನ ತೆರೆದ ಜಾಗದಲ್ಲಿ, ಮಳೆ ಬೀಳದಂತೆ ಒಂದು ಮರೆಯ ಕೆಳಗಿದೆ. ಬಿಸಿನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರುತ್ತದೆ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಈಗ ಎಲ್ಲಿದೆ? ಹಿತ್ತಲಿಗೆ ಕಿಟಕಿ ತೆರೆಯುವ ಮಲಗುವ ಕೋಣೆಯಲ್ಲಿ, ದಿಂಬಿನ ಎತ್ತರಕ್ಕೆ, ಕಿಟಕಿ ಮತ್ತು ಪರದೆಯಿಂದ ದೂರದಲ್ಲಿ. ಒಲೆಯೋ ಹೀಟರೋ ಉರಿಯುವ ಕೋಣೆಯಾದರೆ ಅದರಿಂದ ಒಂದರಿಂದ ಮೂರು ಮೀಟರ್ ಆಚೆ, ಗೋಡೆಯ ಮೇಲೆ, ಸೂರಿಗಿಂತ ಒಂದು ಗೇಣು ಕೆಳಗೆ ಇಡಬೇಕು. ಸೆನ್ಸರ್‌ಗೂ ಆಯುಷ್ಯವಿದೆ, ಮುಗಿಯುವ ವರ್ಷ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ. ತಿಂಗಳಿಗೊಮ್ಮೆ ನಾನು ಗುಂಡಿ ಒತ್ತಿ ಪರೀಕ್ಷಿಸುತ್ತೇನೆ. ಮಾವನವರು ಪ್ರತಿ ಸಲವೂ ಬೆಚ್ಚಿಬಿದ್ದು ಬೈಯುತ್ತಾರೆ.