ಸವೆದ ಲಾರಿ ಟೈರ್‌ಗೆ ಮತ್ತೆ ಗ್ರೂವ್: ಎಷ್ಟು ಆಳ ಕೊರೆಯಬಹುದು?

ಈ ಹೊಗೆ ನೋಡಿ ಗಾಬರಿಯಾಗಬೇಡಿ. ಏನೂ ಹೊತ್ತಿಕೊಂಡಿಲ್ಲ. ಕರೆಂಟಿನಲ್ಲಿ ಕಾದ ಬ್ಲೇಡ್ ರಬ್ಬರ್ ಒಳಗೆ ಹೋಗುತ್ತಿದೆ, ಅಷ್ಟೇ. ವಾಸನೆ ಮಾತ್ರ ವಿಡಿಯೋದಲ್ಲಿ ಬರಲ್ಲ, ನಿಮ್ಮ ಪುಣ್ಯ.

ಇದು ನಮ್ಮ ಹತ್ತು ಚಕ್ರದ ಗಾಡಿಯ ಹಿಂದಿನ ಟೈರ್. ಇವತ್ತು ನಾಲ್ಕು ಟೈರ್ ಬಿಚ್ಚಿಸಿಕೊಂಡು ಬಂದಿದ್ದೇವೆ. ನಾಲ್ಕಕ್ಕೂ ಗ್ರೂವ್ ಹೊಡೆಸಿಕೊಂಡು ಸಂಜೆಗೆ ಲೋಡಿಗೆ ಹೋಗೋಣ ಅಂತ ನಮ್ಮ ಡ್ರೈವರ್ ಅಣ್ಣನ ಪ್ಲಾನ್ ಇತ್ತು. ಅಂಗಡಿಯವರು ಎರಡನ್ನು ಮಾತ್ರ ಒಳಗೆ ತೆಗೆದುಕೊಂಡರು. ಇನ್ನೆರಡನ್ನು ಗೋಡೆಗೆ ಒರಗಿಸಿಟ್ಟರು. ಯಾಕೆ ಅನ್ನೋದೇ ಇವತ್ತಿನ ವಿಡಿಯೋ.

ಮೊದಲು ಟೈರ್ ಒಳಗೆ ಏನಿರುತ್ತೆ ಅಂತ ನೋಡೋಣ. ರಸ್ತೆಗೆ ತಾಗುವ ರಬ್ಬರ್‌ನಲ್ಲಿ ಗ್ರೂವ್ ಇರುತ್ತೆ. ಗ್ರೂವ್ ತಳಕ್ಕೂ, ಒಳಗಿನ ಉಕ್ಕಿನ ತಂತಿಯ ಬೆಲ್ಟಿಗೂ ನಡುವೆ ಇನ್ನೊಂದು ಪದರ ರಬ್ಬರ್ ಇರುತ್ತೆ. ಕೆಲವು ಲಾರಿ ಟೈರ್‌ಗಳಲ್ಲಿ ಕಂಪನಿಯವರು ಈ ಪದರವನ್ನು ಬೇಕಂತಲೇ ದಪ್ಪಗೆ ಇಟ್ಟಿರುತ್ತಾರೆ. ಮೇಲಿನ ಗ್ರೂವ್ ಸವೆದ ಮೇಲೆ ಈ ದಪ್ಪದಲ್ಲೇ ಸ್ವಲ್ಪ ಕೊರೆದು ಗ್ರೂವನ್ನು ಆಳ ಮಾಡುವುದೇ ರೀಗ್ರೂವಿಂಗ್. ಹೊಸ ರಬ್ಬರ್ ಅಂಟಿಸುವುದಿಲ್ಲ. ಅದು ರಿಸೋಲ್, ಬೇರೆಯೇ ಕೆಲಸ.

ಆ ದಪ್ಪ ಪದರ ಇದೆಯೋ ಇಲ್ಲವೋ ಹೊರಗಿನಿಂದ ಕಣ್ಣಿಗೆ ಗೊತ್ತಾಗಲ್ಲ. ಅದಕ್ಕೇ ಟೈರಿನ ಪಕ್ಕದಲ್ಲಿ ಗುರುತು ಹಾಕಿರುತ್ತಾರೆ. ಬೆರಳಿನಿಂದ ಧೂಳು ಒರೆಸುತ್ತೇನೆ, ನೋಡಿ. ರೀಗ್ರೂವಬಲ್ ಅಂತ ಅಚ್ಚು ಕಾಣಿಸ್ತಿದೆಯಾ? ಯೂರೋಪಿನ ನಿಯಮದಲ್ಲಿ ಈ ಪದದ ಬದಲು ಒಂದು ಚಿಹ್ನೆಯೂ ನಡೆಯುತ್ತೆ. ಕನಿಷ್ಠ 20 ಮಿಲಿಮೀಟರ್ ಅಗಲದ ವೃತ್ತ, ಅದರೊಳಗೆ ಇಂಗ್ಲಿಷ್‌ನ ಯು ತರದ ಗುರುತು. ಎರಡರಲ್ಲಿ ಯಾವುದೂ ಇಲ್ಲದಿದ್ದರೆ ಆ ಟೈರಿಗೆ ಬ್ಲೇಡ್ ತಾಗಿಸಬಾರದು. ಗೋಡೆಗೆ ಒರಗಿದ ಮೊದಲನೆಯದರ ಕಥೆ ಅಷ್ಟೇ: ಗುರುತೇ ಇಲ್ಲ.

ಎರಡನೆಯದರಲ್ಲಿ ಗುರುತಿದೆ. ಆದರೆ ಅಂಚಿನ ಹತ್ತಿರ ಕ್ಯಾಮೆರಾ ತರುತ್ತೇನೆ, ನೋಡಿ. ಚೂಪು ಕಲ್ಲು ಹೊಡೆದು ಸೀಳಿದೆ. ಸೀಳಿನ ತಳದಲ್ಲಿ ತೆಳ್ಳಗೆ ಕಂದು ಬಣ್ಣ ಕಾಣುತ್ತಿದೆಯಲ್ಲ, ಅದು ತುಕ್ಕು. ಅಂದರೆ ನೀರು ಆಗಲೇ ತಂತಿ ಮುಟ್ಟಿದೆ. ತಂತಿ ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ಪದರ ಬಿಟ್ಟಿದ್ದರೆ ಆ ಕೇಸಿಂಗ್, ಅಂದರೆ ರಸ್ತೆಗೆ ತಾಗುವ ರಬ್ಬರ್ ಬಿಟ್ಟು ಉಳಿದ ಟೈರಿನ ಒಡಲು, ಈ ಕೆಲಸಕ್ಕೆ ಬರಲ್ಲ.

ಸರಿ, ಉಳಿದ ಎರಡಕ್ಕೆ ಬರೋಣ. ಅಂಗಡಿ ಅಣ್ಣ ಮೊದಲು ಗ್ರೂವ್‌ಗಳಲ್ಲಿ ಸಿಕ್ಕಿಕೊಂಡ ಕಲ್ಲುಗಳನ್ನೆಲ್ಲ ಮೊಳೆಯಿಂದ ಕೆದಕಿ ತೆಗೆದರು. ಆಮೇಲೆ ಡೆಪ್ತ್ ಗೇಜ್ ಹಿಡಿದು ಒಂದೊಂದು ಗ್ರೂವಿನಲ್ಲೂ ಸುತ್ತ ನಾಲ್ಕು ಕಡೆ ಅಳೆದರು. ಕೆಲವು ಕಡೆ 4 ಮಿಲಿಮೀಟರ್ ಉಳಿದಿದೆ, ಕೆಲವು ಕಡೆ 3. ಈ ಮಾಡೆಲ್‌ಗೆ ಕಂಪನಿ ಕೊಟ್ಟಿರುವ ಲೆಕ್ಕ, ಹಳೇ ಗ್ರೂವ್ ತಳದಿಂದ ಕೆಳಗೆ ಹೆಚ್ಚೆಂದರೆ 3 ಮಿಲಿಮೀಟರ್ ಕೊರೆಯಬಹುದು. ಇದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತೆ. ನನ್ನ ಟೈರಿನ ಲೆಕ್ಕ ನಿಮ್ಮ ಟೈರಿಗೆ ಹಾಕಬೇಡಿ.

ಈಗ ಬ್ಲೇಡನ್ನು ಎಷ್ಟಕ್ಕೆ ಸೆಟ್ ಮಾಡಬೇಕು? ಇಲ್ಲೇ ಎಡವಟ್ಟಾಗುವುದು. ಬ್ಲೇಡ್ ಕೂತಿರುವ ಹೆಡ್ ಟೈರಿನ ಮೇಲ್ಮೈ ಮೇಲೆ ಜಾರಿಕೊಂಡು ಹೋಗುತ್ತೆ. ಹಾಗಾಗಿ ಆಳ ಲೆಕ್ಕವಾಗುವುದು ಮೇಲಿನಿಂದ, ಗ್ರೂವ್ ತಳದಿಂದ ಅಲ್ಲ. 4 ಇರುವ ಜಾಗ ನೋಡಿ 4ಕ್ಕೆ 3 ಕೂಡಿಸಿ 7ಕ್ಕೆ ಇಟ್ಟಿರಿ ಅಂದುಕೊಳ್ಳಿ. 4 ಇರುವ ಕಡೆ ಎಲ್ಲ ಸರಿ. ಆದರೆ 3 ಉಳಿದಿರುವ ಕಡೆ ಬ್ಲೇಡ್ ಹಳೇ ತಳದಿಂದ 4 ಮಿಲಿಮೀಟರ್ ಕೆಳಗೆ ಹೋಗುತ್ತೆ. ಕಂಪನಿ ಹೇಳಿದ್ದಕ್ಕಿಂತ 1 ಜಾಸ್ತಿ. ಅದಕ್ಕೇ ಯಾವಾಗಲೂ ಎಲ್ಲಕ್ಕಿಂತ ಸವೆದ ಜಾಗದ ಅಳತೆ ಹಿಡಿಯಬೇಕು. 3ಕ್ಕೆ 3, ಒಟ್ಟು 6. ಅಣ್ಣ 6ಕ್ಕೇ ಇಟ್ಟರು.

ಬ್ಲೇಡಿನ ತುದಿ ಗಮನಿಸಿ. ಚೌಕ ಅಲ್ಲ, ದುಂಡಗಿದೆ. ಗ್ರೂವ್ ತಳದಲ್ಲಿ ಚೂಪು ಮೂಲೆ ಉಳಿದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತೆ. ಅಗಲಕ್ಕೆ ತಕ್ಕ ಬ್ಲೇಡ್ ಬೇಕು, ಹಳೇ ಗ್ರೂವಿನ ದಾರಿಯಲ್ಲೇ ಹೋಗಬೇಕು. ಟೈರ್ ಪೂರ್ತಿ ಬೋಳಾಗುವವರೆಗೆ ಕಾದರೆ ಆ ದಾರಿಯೇ ಕಾಣಲ್ಲ, ಕೆಳಗೆ ಎಷ್ಟು ರಬ್ಬರ್ ಉಳಿದಿದೆ ಅನ್ನೋದೂ ಗೊತ್ತಾಗಲ್ಲ. ಅದಕ್ಕೇ 3 ಮಿಲಿಮೀಟರ್ ಹತ್ತಿರ ಇರುವಾಗಲೇ ತರುವುದು.

ಆಹಾ, ಇದು ನನಗೆ ಇಷ್ಟವಾದ ಶಾಟ್. ಉದ್ದಕ್ಕೆ ಕಪ್ಪು ರಿಬ್ಬನ್ ತರ ಸುರುಳಿ ಸುತ್ತಿಕೊಂಡು ಬರುತ್ತಿದೆ. ಬ್ಲೇಡ್ ಸಾಕಷ್ಟು ಕಾಯದಿದ್ದರೆ ರಬ್ಬರ್ ಕಿತ್ತುಕೊಂಡು ಬರುತ್ತೆ. ಅತಿಯಾಗಿ ಕಾದರೆ ಸುಟ್ಟು ಅಂಟಂಟಾಗುತ್ತೆ. ಅಣ್ಣ ಆ ರಿಬ್ಬನ್ ಎತ್ತಿ ಸ್ಕೇಲಿಟ್ಟು ತೋರಿಸಿದರು. ಒಂದು ಕಡೆ ದಪ್ಪ 3, ಇನ್ನೊಂದು ಕಡೆ 2. ಈಗ ಮಾಡಿದ ಲೆಕ್ಕ ಕೈಗೇ ಬಂತು ಅಲ್ವಾ?

ನನಗೆ ಈ ಲೆಕ್ಕ ಮೊದಲೇ ಗೊತ್ತಿತ್ತು ಅಂದುಕೊಳ್ಳಬೇಡಿ. ಹೋದ ವರ್ಷ ಹೈವೇ ಪಕ್ಕ ಒಂದು ಕಡೆ ಅರ್ಧ ಗಂಟೆಯಲ್ಲಿ ಕೊರೆಸಿದ್ದೆ. ಗೇಜ್ ಇಲ್ಲ, ಎಲ್ಲ ಕಣ್ಣಳತೆ. ಟೈರ್ ನೋಡಲು ಹೊಸದರ ಹಾಗೇ ಇತ್ತು, ಓಡಿತು ಕೂಡ. ಮಳೆಗಾಲ ಮುಗಿದ ಮೇಲೆ ರಿಸೋಲ್‌ಗೆ ಕೊಟ್ಟೆ. ಮೇಲಿನ ರಬ್ಬರ್ ಉಜ್ಜಿ ತೆಗೆಯುತ್ತಿದ್ದ ಹಾಗೆ ಗ್ರೂವಿದ್ದ ಗೆರೆಯುದ್ದಕ್ಕೂ ತಂತಿ ತುಕ್ಕು ಹಿಡಿದಿದ್ದು ಕಾಣಿಸಿತು. ಕೇಸಿಂಗ್ ವಾಪಸ್ ಕೊಟ್ಟುಬಿಟ್ಟರು. ಒಂದು ರಿಸೋಲ್‌ಗೆ ಆಗಬೇಕಿದ್ದ ಟೈರ್ ಗುಜರಿಗೆ ಹೋಯಿತು. ಅದಾದರೂ ಪುಣ್ಯ ಅನ್ನಬೇಕು. ತುಕ್ಕು ಹಿಡಿದ ಬೆಲ್ಟಿನಿಂದ ರಬ್ಬರ್ ಬಿಟ್ಟುಕೊಂಡರೆ ಓಡುವಾಗಲೇ ಪಟ್ಟಿ ಪಟ್ಟಿಯಾಗಿ ಕಿತ್ತು ಬರುತ್ತೆ.

ಹಾಗಾಗಿ ಕೊರೆದ ಮೇಲೆ ತಂತಿಯ ಮೇಲೆ ಎಷ್ಟು ರಬ್ಬರ್ ಉಳಿಯಬೇಕು ಅನ್ನೋದೇ ಮುಖ್ಯ. ಅಮೆರಿಕದ ನಿಯಮದಲ್ಲಿ ಇದು ಅಂಕಿಯಲ್ಲೇ ಇದೆ: ಕನಿಷ್ಠ 3/32 ಇಂಚು, ಹೆಚ್ಚುಕಮ್ಮಿ 2.4 ಮಿಲಿಮೀಟರ್. ಅದೇ ದೇಶದಲ್ಲಿ ಬಸ್ಸಿನ ಮುಂದಿನ ಚಕ್ರಕ್ಕೆ ರೀಗ್ರೂವ್ ಮಾಡಿದ ಟೈರ್ ಹಾಕುವಂತಿಲ್ಲ. ಲಾರಿ ಮುಂದಕ್ಕೂ 2,232 ಕಿಲೋ ಅಥವಾ ಜಾಸ್ತಿ ಭಾರ ಹೊರುವ ರೀಗ್ರೂವ್ ಟೈರ್ ಬೇಡ ಅಂತಿದೆ. ದೊಡ್ಡ ಲಾರಿ ಟೈರ್ ಬಹುತೇಕ ಎಲ್ಲ ಆ ಲೆಕ್ಕದೊಳಗೇ ಬರುತ್ತೆ. ನಾನಂತೂ ಮುಂದಕ್ಕೆ ಹಾಕಲ್ಲ. ಹಿಂದೆ ಜೋಡಿಯಲ್ಲಿ ಒಂದು ಒಡೆದರೆ ಪಕ್ಕದ್ದು ಸ್ವಲ್ಪ ಹೊತ್ತು ಹೊರುತ್ತೆ. ಮುಂದೆ ಒಡೆದರೆ ಸ್ಟೇರಿಂಗೇ ಕೈ ತಪ್ಪುತ್ತೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ನಮ್ಮ ಟೈರ್ ಹೊಸದಿದ್ದಾಗ ಗ್ರೂವ್ 18 ಇತ್ತು. ಈಗ 3. ಈ 15 ಮಿಲಿಮೀಟರ್ ಸವೆಯಲು ಸುಮಾರು 90,000 ಕಿಲೋಮೀಟರ್ ಓಡಿದೆ. ಅಂದರೆ ಮಿಲಿಮೀಟರಿಗೆ 6,000. ಈಗ 6 ಆಗಿದೆ, ಮತ್ತೆ 3ಕ್ಕೆ ಬರುವಷ್ಟರಲ್ಲಿ ಇನ್ನೊಂದು 18,000 ಸಿಗಬೇಕು. ನಮ್ಮ ದೇಶದ ನಿಯಮ 1.6 ಮಿಲಿಮೀಟರ್ ತನಕ ಬಿಡುತ್ತೆ, ಆದರೆ ರಿಸೋಲ್‌ಗೆ ಕೊಡುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಜೊತೆಗೆ ಡೀಸೆಲ್‌ನಲ್ಲೂ ಒಂಚೂರು ಉಳಿತಾಯ ಇದೆ. ಗ್ರೂವ್‌ಗಳ ನಡುವಿನ ರಬ್ಬರ್ ಬಟನ್ ಎತ್ತರ ಇದ್ದಷ್ಟೂ ಉರುಳುವಾಗ ಜಾಸ್ತಿ ಅಲುಗಾಡುತ್ತೆ, ಶಕ್ತಿ ತಿನ್ನುತ್ತೆ. ಸವೆದ ಟೈರ್ ಹಗುರವಾಗಿ ಉರುಳುತ್ತೆ.

ಡ್ರೈವರ್ ಅಣ್ಣ ಆಗಲಿಂದ ಗೋಡೆ ಕಡೆಗೇ ನೋಡುತ್ತಿದ್ದರು. "ಆ ಗುರುತಿಲ್ಲದ್ದಕ್ಕೂ ಒಂದೆರಡು ಗೆರೆ ಎಳೆದು ಕೊಡಿ, ಹಿಂದೆ ಒಳಗಡೆ ಹಾಕ್ಕೊಳ್ತೀನಿ, ಯಾರಿಗೆ ಕಾಣುತ್ತೆ?" ಅಂದರು. ಅಂಗಡಿ ಅಣ್ಣ ಬ್ಲೇಡಿನ ಸ್ವಿಚ್ ಆಫ್ ಮಾಡಿ ವೈರ್ ಸುತ್ತತೊಡಗಿದರು. ಕಾಸು ಎರಡು ಟೈರಿಗೆ ಮಾತ್ರ ತೆಗೆದುಕೊಂಡರು.