ಬಿಡಿಗೂದಲಿನ ಬಿಳಿ ಅಂಚು: ಮಾಸ್ಕ್ ಸವೆಸಬೇಡಿ, ಬಣ್ಣ ಬದಲಿಸಿ

ಕೂದಲು ಬಿಟ್ಟುಕೊಂಡ ವ್ಯಕ್ತಿಯನ್ನು ಒಂದು ಫೋಟೊದಿಂದ ಕತ್ತರಿಸಿ ಇನ್ನೊಂದರಲ್ಲಿ ಕೂರಿಸಿದಾಗ ತಲೆಯ ಸುತ್ತ ಬಿಳಿಚಿದ ಅಂಚೊಂದು ಉಳಿಯುತ್ತದೆ. ಅದು ಕಂಡ ಕೂಡಲೇ ಹೆಚ್ಚಿನವರ ಕೈ ಫೋಟೊಶಾಪ್‌ನ Shift Edge ಕಡೆಗೆ ಹೋಗುತ್ತದೆ. ಮೈನಸ್ 20, ಮೈನಸ್ 40 ಎಂದು ಅಂಚನ್ನು ಒಳಗೆ ತಳ್ಳುತ್ತಾರೆ. ಬಿಳುಪು ಹೋಗುತ್ತದೆ, ಅದರ ಜೊತೆಗೆ ಎಳೆಗೂದಲೂ ಹೋಗಿ ತಲೆಗೆ ಟೋಪಿ ತೊಡಿಸಿದಂತೆ ಕಾಣುತ್ತದೆ. ಈ ಅಭ್ಯಾಸವನ್ನು ಬಿಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅಲ್ಲಿ ಕೆಟ್ಟಿರುವುದು ಬಹುಪಾಲು ಬಣ್ಣ. ಚಿತ್ರದ ಯಾವ ಭಾಗ ಎಷ್ಟು ಕಾಣಬೇಕೆಂದು ತೀರ್ಮಾನಿಸುವ ಮಾಸ್ಕ್ ಸರಿಯಾಗಿಯೇ ಇರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗೃಹಪ್ರವೇಶದ ಕುಟುಂಬ ಚಿತ್ರದಲ್ಲಿ ಹೊರದೇಶದಲ್ಲಿರುವ ಮಗಳಿಲ್ಲ, ಅವಳನ್ನು ಸೇರಿಸಬೇಕು. ಅವಳ ಫೋಟೊ ತೆಗೆದಿರುವುದು ಬಿಳಿ ಗೋಡೆಯ ಮುಂದೆ. ಕುಟುಂಬ ನಿಂತಿರುವುದು ಕಡುಗಂದು ಬಾಗಿಲಿನ ಮುಂದೆ. ಚೌಕಟ್ಟಿನ 1.2 ಮೀಟರ್ ಎತ್ತರ 3000 ಪಿಕ್ಸೆಲ್‌ಗಳಲ್ಲಿ ಸೆರೆಯಾಗಿದ್ದರೆ ಒಂದು ಪಿಕ್ಸೆಲ್ ಎಂದರೆ 0.4 ಮಿಲಿಮೀಟರ್. ಕೂದಲಿನ ದಪ್ಪ ಸುಮಾರು 0.08 ಮಿಲಿಮೀಟರ್. ಅಂದರೆ ಒಂಟಿ ಎಳೆ ಹಾದುಹೋದ ಪಿಕ್ಸೆಲ್‌ನಲ್ಲಿ ಐದರಲ್ಲಿ ಒಂದು ಪಾಲು ಕೂದಲು, ನಾಲ್ಕು ಪಾಲು ಗೋಡೆ.

ಈಗ ಸ್ಥೂಲವಾಗಿ ಲೆಕ್ಕ ಹಾಕಿ. ಕಪ್ಪಿಗೆ 0, ಬಿಳುಪಿಗೆ 255 ಎಂಬ ಅಳತೆಯಲ್ಲಿ ಕೂದಲು 40, ಗೋಡೆ 220 ಇದ್ದರೆ ಆ ಪಿಕ್ಸೆಲ್ 184 ಆಗುತ್ತದೆ. ಮಾಸ್ಕ್ ಅದನ್ನು ಶೇ 20 ಎಂದು ಕರಾರುವಾಕ್ಕಾಗಿ ಗುರುತಿಸಿತು ಎಂದುಕೊಳ್ಳಿ. ಬಾಗಿಲಿನ ಬೆಳಕು 50. ಎರಡೂ ಬೆರೆತಾಗ ಸಿಗುವುದು ಸುಮಾರು 77. ಕೂದಲು ಬಾಗಿಲಿಗಿಂತ ಕಪ್ಪಾಗಿದ್ದರೂ ಚಿತ್ರದಲ್ಲಿ ಬಾಗಿಲಿಗಿಂತ ಬೆಳ್ಳಗೆ ಹೊಳೆಯುತ್ತದೆ. ನಿಜವಾಗಿ ಬರಬೇಕಿದ್ದದ್ದು 48. ಮಾಸ್ಕ್‌ನಲ್ಲಿ ಒಂದಿಷ್ಟೂ ದೋಷವಿಲ್ಲದಿದ್ದರೂ ಬಿಳಿ ಅಂಚು ಬಂತು, ಏಕೆಂದರೆ ಕೂದಲಿನ ಜೊತೆ ಗೋಡೆಯ ಬಣ್ಣವನ್ನೂ ನಾವು ಹೊತ್ತು ತಂದಿದ್ದೇವೆ.

ಆದ್ದರಿಂದ Select and Mask ಒಳಗೆ ನಾನು ಮಾಡುವುದು ಕಡಿಮೆ. Refine Edge Brush ಅನ್ನು ಕೂದಲು ಹಾರಿರುವ ಹೊರ ಅಂಚಿನಲ್ಲಿ ಮಾತ್ರ ಆಡಿಸುತ್ತೇನೆ. ಕಿವಿ, ಭುಜ, ಸೀರೆಯ ಅಂಚಿಗೆ ಅದನ್ನು ತಾಗಿಸುವುದಿಲ್ಲ. ತಾಗಿದರೆ ಅವೂ ಕೂದಲಿನಂತೆ ಮಸುಕಾಗುತ್ತವೆ. Shift Edge ಸೊನ್ನೆಯಲ್ಲೇ ಇರುತ್ತದೆ. Decontaminate Colors ಕೂಡ ಬೇಡ. ಅದು ಹತ್ತಿರದಲ್ಲಿ ಪೂರ್ತಿ ಆಯ್ಕೆಯಾದ ಪಿಕ್ಸೆಲ್‌ಗಳ ಬಣ್ಣವನ್ನು ಅಂಚಿಗೆ ಎಳೆಯುತ್ತದೆ. ಭುಜದ ಬಳಿಯ ಎಳೆಗೆ ಹತ್ತಿರದಲ್ಲಿರುವುದು ಕೆಂಪು ರವಿಕೆಯಾದರೆ ಕೂದಲಿಗೂ ಆ ಕೆಂಪು ಅಂಟಬಹುದು. ಫಲಿತಾಂಶವನ್ನು Layer Mask ಆಗಿ ಪಡೆಯುತ್ತೇನೆ.

ನಂತರ ಮಗಳ ಲೇಯರ್‌ನ ಮೇಲೆ ಒಂದು ಖಾಲಿ ಲೇಯರ್ ಇಟ್ಟು Create Clipping Mask ಕೊಡುತ್ತೇನೆ. ಬ್ರಷ್ ಹಿಡಿದು, Alt ಒತ್ತಿ, ಅಂಚಿನ ಪಕ್ಕದ ದಟ್ಟ ಕೂದಲಿನಿಂದಲೇ ಬಣ್ಣ ಎತ್ತಿ, ಬಿಳಿಚಿದ ಎಳೆಗಳ ಮೇಲೆ ಮೃದುವಾಗಿ ಬಳಿಯುತ್ತೇನೆ. ಎಷ್ಟು ಅಗಲವಾಗಿ ಬಳಿದರೂ ಬಣ್ಣ ಮಾಸ್ಕ್ ಬಿಟ್ಟಷ್ಟೇ ಕಾಣುತ್ತದೆ. ಲೆಕ್ಕದಲ್ಲಿ 184 ಇದ್ದ ಜಾಗಕ್ಕೆ 40 ಬಂದು ಕೂತಿತು, ಆ ಪಿಕ್ಸೆಲ್ 48ಕ್ಕೆ ಇಳಿಯಿತು. ಒಂದು ಎಳೆಯನ್ನೂ ಕಳೆದುಕೊಳ್ಳಲಿಲ್ಲ. ಬಣ್ಣವನ್ನು ಮಾತ್ರ ಮತ್ತೆ ಮತ್ತೆ ಎತ್ತಿಕೊಳ್ಳಬೇಕು: ನೆತ್ತಿಯ ಬಳಿ ಕಪ್ಪಿದ್ದದ್ದು ತುದಿಯಲ್ಲಿ ಕಂದಾಗಿರುತ್ತದೆ. ಒಂದೇ ಕಪ್ಪನ್ನು ಸುತ್ತಲೂ ಬಳಿದರೆ ಅಂಚು ಸುಟ್ಟಂತೆ ತೋರುತ್ತದೆ.

ಇಷ್ಟಾದ ಮೇಲೂ ಎಳೆಗಳ ನಡುವೆ ಮಂಜು ಉಳಿದರೆ ಆಗ ಮಾಸ್ಕ್ ಮುಟ್ಟಬಹುದು. Alt ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿದರೆ ಅದು ಕಪ್ಪುಬಿಳುಪಿನಲ್ಲಿ ತೆರೆಯುತ್ತದೆ. Burn ಉಪಕರಣದ Range ಅನ್ನು Shadows ಗೆ ಇಟ್ಟು, Exposure ಶೇ 10ರಷ್ಟು ಕೊಟ್ಟು ಆ ಜಾಗದಲ್ಲಿ ಸವರಿ. ಗಾಢ ಬೂದು ಕಪ್ಪಾಗುತ್ತದೆ, ತಿಳಿ ಬೂದಾಗಿರುವ ಎಳೆಗಳಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಶೇ 100ರ ಗಾತ್ರದಲ್ಲಿ, ಬಾಗಿಲಿನ ಚಿತ್ರದ ಮೇಲಿಟ್ಟೇ ತೀರ್ಮಾನಿಸಿ. ಕೂದಲು ಹೋಗಿ ಕೂರುವ ಹಿನ್ನೆಲೆ ಯಾವುದೆಂದು ತಿಳಿಯದೆ ಅಂಚನ್ನು ತಿದ್ದುವುದರಲ್ಲಿ ಅರ್ಥವಿಲ್ಲ. ಇದೇ ಮಗಳನ್ನು ಇನ್ನೊಂದು ಬಿಳಿ ಗೋಡೆಯ ಮುಂದೆ ಇಡುವುದಾದರೆ, ಹಾರುಗೂದಲಿರುವ ಭಾಗದ ಪ್ರತಿಯನ್ನು Multiply ನಲ್ಲಿ ಇಟ್ಟು, ಆ ಪ್ರತಿಯ ಗೋಡೆಯನ್ನು Levels ನಿಂದ ಪೂರ್ತಿ ಬಿಳಿ ಮಾಡಿದರೆ ಸಾಕು. ಆ ಎಳೆಗಳಿಗೆ ಮಾಸ್ಕ್‌ನ ಅಗತ್ಯವೇ ಬೀಳುವುದಿಲ್ಲ.

ಎರಡು ಕಡೆ ಈ ದಾರಿ ಸೋಲುತ್ತದೆ. ಹಿಂದಿನಿಂದ ಬಿಸಿಲು ಬಿದ್ದು ಕೂದಲೇ ಹೊಳೆಯುತ್ತಿದ್ದರೆ ಆ ಬೆಳಕು ಕೂದಲಿನದೇ. ಅದನ್ನು ಕಪ್ಪಿನಿಂದ ಮುಚ್ಚಿದರೆ ಸುಳ್ಳಾಗುತ್ತದೆ, ಬಿಟ್ಟರೆ ನೆರಳಿನಲ್ಲಿ ನಿಂತ ಕುಟುಂಬದೊಡನೆ ಹೊಂದುವುದಿಲ್ಲ. ಅಂಥಲ್ಲಿ ಬೇರೆ ಫೋಟೊ ಕೇಳುವುದೇ ಸರಿ. ಇನ್ನೊಂದು, ಮೊಬೈಲಿನಿಂದ ಮೊಬೈಲಿಗೆ ಹಾರಿ ಕುಗ್ಗಿದ ಜೆಪೆಗ್. ಅದರಲ್ಲಿ 8×8 ಪಿಕ್ಸೆಲ್‌ಗಳ ಚೌಕಗಳೊಳಗೆ ಎಳೆಗಳು ಕರಗಿಹೋಗಿರುತ್ತವೆ, ಯಾವ ಬ್ರಷ್‌ಗೂ ಅವು ಸಿಗುವುದಿಲ್ಲ. ಆಗ ಕೂದಲನ್ನು ದಟ್ಟ ಭಾಗದವರೆಗೆ ಕತ್ತರಿಸಿ, ಹೊಸ ಲೇಯರ್‌ನಲ್ಲಿ ಎರಡು ಪಿಕ್ಸೆಲ್ ಬ್ರಷ್‌ನಿಂದ, ಬೇರಿನಿಂದ ತುದಿಯ ಕಡೆಗೆ ತೆಳುವಾಗುವಂತೆ ಕೆಲವೇ ಎಳೆಗಳನ್ನು ಕೈಯಲ್ಲೇ ಬರೆಯಿರಿ.