ಗೋಡೆಯೂ ಆಟದೊಳಗೆ: ಪ್ಯಾಡೆಲ್ ಮತ್ತು ಟೆನಿಸ್

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಟೆನಿಸ್ ಕಲಿಸುತ್ತಿದ್ದೇನೆ. ಇಲ್ಲಿ ಕಲಿತು ಕೆಲಸಕ್ಕೆಂದು ಬೆಂಗಳೂರು, ಮುಂಬೈಗೆ ಹೋದವರು ಈಗ ಫೋನ್ ಮಾಡಿದರೆ ಪ್ಯಾಡೆಲ್ ಎಂಬ ಆಟದ ಬಗ್ಗೆಯೇ ಮಾತು ತೆಗೆಯುತ್ತಾರೆ. ತಿಲಕವಾಡಿಯ ಹುಡುಗಿಯೊಬ್ಬಳು ಮೊನ್ನೆ ಹೇಳಿದಳು: "ಸರ್, ಚೆಂಡ ಗ್ಲಾಸಿಗೆ ಬಡದ ಮ್ಯಾಲ ಎತ್ತ ಹೊಂಟೈತಿ ತಿಳೀವಲ್ದ್ರಿ. ನನ್ನ ಸರ್ವಂತೂ ಅಲ್ಲಿ ನಡ್ಯಾಂಗಿಲ್ರಿ." ಆಕೆಯದು ಜೋರಾದ ಸರ್ವ್. ಟೆನಿಸ್‌ನಲ್ಲಿ ಅದರಿಂದಲೇ ಎಷ್ಟೋ ಪಾಯಿಂಟ್ ಗೆಲ್ಲುತ್ತಿದ್ದಳು. ಆಕೆ ಕೇಳಿದ ಈ ಎರಡು ವಿಷಯಗಳನ್ನೇ, ಅಂದರೆ ಗೋಡೆ ಮತ್ತು ಸರ್ವ್ ಅನ್ನೇ, ಇವತ್ತು ಬಿಡಿಸಿ ಹೇಳುತ್ತೇನೆ.

ಮೊದಲು ಅಂಗಳ ನೋಡೋಣ. ಪ್ಯಾಡೆಲ್ ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಟೆನಿಸ್ ಕೋರ್ಟಿಗಿಂತ ಸ್ವಲ್ಪ ಚಿಕ್ಕದು. ಆಡುವವರು ನಾಲ್ಕು ಜನ, ಒಂದೊಂದು ಕಡೆ ಇಬ್ಬಿಬ್ಬರು. ಅಂಕ ಎಣಿಸುವುದು ಟೆನಿಸ್‌ನಂತೆಯೇ: 15, 30, 40. ಬ್ಯಾಟಿಗೆ ದಾರದ ಹೆಣಿಗೆ ಇಲ್ಲ. ಗಟ್ಟಿ ಹಲಗೆ, ಅದರ ತುಂಬ ತೂತು. ಕೋರ್ಟಿನ ಹಿಂಬದಿಗೆ ಆಳಿಗಿಂತ ಎತ್ತರವಾದ 3 ಮೀಟರ್ ಗೋಡೆ, ಸಾಮಾನ್ಯವಾಗಿ ಗಾಜಿನದು. ಆ ಗಾಜು ಎರಡೂ ಮೂಲೆಗಳಲ್ಲಿ ತಿರುಗಿ, ಪಕ್ಕದಲ್ಲಿ 4 ಮೀಟರ್‌ನಷ್ಟು ಮುಂದಕ್ಕೆ ಬರುತ್ತದೆ. ಅಲ್ಲಿಂದ ನೆಟ್‌ವರೆಗೆ ತಂತಿ ಜಾಲರಿ. ಗಾಜು ಎಲ್ಲಿ ಮುಗಿಯುತ್ತದೆ, ಜಾಲರಿ ಎಲ್ಲಿ ಶುರುವಾಗುತ್ತದೆ ಅನ್ನುವುದು ನೆನಪಿರಲಿ. ಸರ್ವ್ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಈ ಆಟ ಹುಟ್ಟಿದ್ದು ಮೆಕ್ಸಿಕೋದ ಅಕಾಪುಲ್ಕೊದಲ್ಲಿ, 1969ರಲ್ಲಿ. ಎನ್ರಿಕೆ ಕೊರ್ಕುಯೆರಾ ಎಂಬುವರು ತಮ್ಮ ಮನೆಯಲ್ಲೇ ಗೋಡೆಗಳ ನಡುವೆ ಇಂಥ ಅಂಗಳ ಕಟ್ಟಿಸಿಕೊಂಡರು. ಅಂದರೆ ಗೋಡೆ ಈ ಆಟಕ್ಕೆ ಆಮೇಲೆ ಸೇರಿಸಿದ್ದಲ್ಲ, ಶುರುವಿನಿಂದಲೂ ಇದ್ದದ್ದು.

ಟೆನಿಸ್‌ನಲ್ಲಿ ಚೆಂಡು ನಿಮ್ಮನ್ನು ದಾಟಿ ಹಿಂದೆ ಹೋಯಿತೆಂದರೆ ಪಾಯಿಂಟ್ ಹೋದಂತೆಯೇ. ಪ್ಯಾಡೆಲ್‌ನಲ್ಲಿ ಹಾಗಲ್ಲ. ಚೆಂಡು ನಿಮ್ಮ ಕಡೆ ನೆಲಕ್ಕೆ ಒಂದು ಸಲ ಪುಟಿದು, ಹಿಂದಿನ ಗಾಜಿಗೆ ಬಡಿದು, ಮತ್ತೆ ನಿಮ್ಮ ಮುಂದೆ ಬರುತ್ತದೆ. ಎರಡನೇ ಸಲ ನೆಲಕ್ಕೆ ಬೀಳುವ ಮುಂಚೆ ಹೊಡೆದರೆ ಆಯಿತು. ಆದರೆ ನೆಲ ಮೊದಲು, ಗೋಡೆ ಆಮೇಲೆ. ಎದುರಾಳಿ ಹೊಡೆದ ಚೆಂಡು ನೆಲ ಮುಟ್ಟದೆ ನೇರ ನಿಮ್ಮ ಗಾಜಿಗೋ ಜಾಲರಿಗೋ ಬಡಿದರೆ ಪಾಯಿಂಟ್ ನಿಮ್ಮದು. ಇನ್ನೊಂದು ಸೌಲಭ್ಯವೂ ಇದೆ. ತೀರಾ ಇಕ್ಕಟ್ಟಿಗೆ ಸಿಕ್ಕಾಗ ನೀವೇ ನಿಮ್ಮ ಕಡೆಯ ಗಾಜಿಗೆ ಚೆಂಡು ಹೊಡೆದು, ಅದು ಅಲ್ಲಿಂದ ನೆಟ್ ದಾಟುವಂತೆ ಮಾಡಬಹುದು. ಗಾಜಿಗೆ ಮಾತ್ರ. ನಿಮ್ಮ ಕಡೆಯ ಜಾಲರಿಗೆ ಹೊಡೆದರೆ ಪಾಯಿಂಟ್ ಹೋಯಿತು.

ಕೇರಂ ಆಡಿದವರಿಗೆ ಗಾಜಿನ ಲೆಕ್ಕ ಬೇಗ ಹಿಡಿತಕ್ಕೆ ಬರುತ್ತದೆ. ಸ್ಟ್ರೈಕರ್ ಚೌಕಟ್ಟಿಗೆ ಬಡಿದ ಓರೆಯಲ್ಲೇ ಆಚೆ ಹೊರಳುತ್ತದಲ್ಲ, ಇಲ್ಲೂ ಹೆಚ್ಚುಕಡಿಮೆ ಹಾಗೇ. ಜಾಲರಿ ಮಾತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ತಂತಿಯ ಗಂಟಿಗೆ ತಾಗಿದರೆ ಒಂದು ಕಡೆ, ಗಂಟುಗಳ ನಡುವೆ ತಾಗಿದರೆ ಇನ್ನೊಂದು ಕಡೆ. ಒಮ್ಮೊಮ್ಮೆ ಚೆಂಡು ಅಲ್ಲೇ ಸತ್ತಂತೆ ಕೆಳಗಿಳಿಯುತ್ತದೆ.

ಸರ್ವ್ ನಿಯಮ ಈಗ ಅರ್ಥವಾಗುತ್ತದೆ. ಪ್ಯಾಡೆಲ್‌ನಲ್ಲಿ ಸರ್ವ್ ಮಾಡುವವರು ಸರ್ವ್ ಗೆರೆಯ ಹಿಂದೆ ನಿಂತು, ಚೆಂಡನ್ನು ಮೊದಲು ನೆಲಕ್ಕೆ ಪುಟಿಸಬೇಕು. ಅದು ಮೇಲೆ ಬಂದಾಗ ಸೊಂಟದ ಎತ್ತರದಲ್ಲಿ ಅಥವಾ ಅದಕ್ಕಿಂತ ಕೆಳಗೆ ಹೊಡೆಯಬೇಕು. ಹೊಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರಬೇಕು. ಚೆಂಡು ಟೆನಿಸ್‌ನಂತೆ ಓರೆಯಾಗಿ ಎದುರಿನ ಸರ್ವ್ ಚೌಕಕ್ಕೆ ಬೀಳಬೇಕು. ಎರಡು ಅವಕಾಶ ಇರುತ್ತದೆ. ಟೆನಿಸ್‌ನಲ್ಲೂ ಕೆಳಗಿನಿಂದ ಸರ್ವ್ ಮಾಡಬಹುದು. 1989ರ ಫ್ರೆಂಚ್ ಓಪನ್‌ನಲ್ಲಿ 17 ವರ್ಷದ ಮೈಕೆಲ್ ಚಾಂಗ್ ಕಾಲಿನ ಸ್ನಾಯು ಹಿಡಿದುಕೊಂಡಿದ್ದಾಗ ಇವಾನ್ ಲೆಂಡ್ಲ್ ಎದುರು ಹಾಗೇ ಮಾಡಿ ಪಾಯಿಂಟ್ ಗೆದ್ದರು, ಪಂದ್ಯವನ್ನೂ ಗೆದ್ದರು. ಆದರೆ ಟೆನಿಸ್‌ನಲ್ಲಿ ಚೆಂಡು ನೆಲ ಮುಟ್ಟುವ ಮುಂಚೆ ಹೊಡೆಯಬೇಕು. ಪ್ಯಾಡೆಲ್‌ನಲ್ಲಿ ನೆಲ ಮುಟ್ಟಿದ ಮೇಲೆಯೇ ಹೊಡೆಯಬೇಕು.

ಇನ್ನು ಆ ಗಾಜು, ಜಾಲರಿಯ ಲೆಕ್ಕ. ಸರ್ವ್ ಚೌಕದಲ್ಲಿ ಪುಟಿದ ಚೆಂಡು ಪಕ್ಕದ ಗಾಜಿಗೆ ತಾಗಿದರೆ ಸರ್ವ್ ಸರಿ. ಎರಡನೇ ಸಲ ನೆಲಕ್ಕೆ ಬೀಳುವ ಮುಂಚೆ ಜಾಲರಿಗೆ ತಾಗಿದರೆ ಫಾಲ್ಟ್. ಸರ್ವ್ ಗೆರೆ ನೆಟ್‌ನಿಂದ 6.95 ಮೀಟರ್ ದೂರ. ಪಕ್ಕದ ಗಾಜು ಶುರುವಾಗುವುದು ನೆಟ್‌ನಿಂದ 6 ಮೀಟರ್ ಆಚೆ. ಅಂದರೆ ಚೌಕದ ಪಕ್ಕದಲ್ಲಿ ಗಾಜು ಇರುವುದು ಕೊನೆಯ 95 ಸೆಂಟಿಮೀಟರ್ ಮಾತ್ರ, ಉಳಿದದ್ದೆಲ್ಲ ಜಾಲರಿ. ಸರ್ವ್ ಪಕ್ಕಕ್ಕೆ ಎಳೆಯಬೇಕೆಂದರೆ ಅದು ಉದ್ದವೂ ಆಗಬೇಕು. ಮೋಟಾಗಿ ಬಿದ್ದು ಪಕ್ಕಕ್ಕೆ ಹೋದರೆ ಜಾಲರಿಯೇ ಗತಿ. ಟೆನಿಸ್‌ನಿಂದ ಬಂದವರು ತಪ್ಪುವುದು ಜಾಸ್ತಿ ಇಲ್ಲೇ. ಟೆನಿಸ್‌ನಲ್ಲಿ ಗೆರೆಗಿಂತ ಎಷ್ಟೋ ಮುಂದೆ, ಪಕ್ಕಕ್ಕೆ ಕೊಯ್ದಂತೆ ಬೀಳುವ ಸರ್ವ್ ದೊಡ್ಡ ಅಸ್ತ್ರ. ಇಲ್ಲಿ ಅದೇ ಫಾಲ್ಟ್ ಆಗುತ್ತದೆ.

ಒಂದು ಪಾಯಿಂಟ್ ಹಂತ ಹಂತವಾಗಿ ನೋಡೋಣ. ಬಲಗಡೆಯಿಂದ ಸರ್ವ್. ಚೆಂಡು ಗೆರೆಯ ಹತ್ತಿರ, ಪಕ್ಕದ ಗಾಜಿನ ಬುಡಕ್ಕೆ ಬೀಳುವಂತೆ, ಕೆಳಮುಖವಾಗಿ ಕೊಯ್ದು ಹೊಡೆದಿದ್ದಾರೆ. ಅದು ಗಾಜು ಸವರಿ ತಗ್ಗಿನಲ್ಲೇ ಉಳಿಯುತ್ತದೆ. ಸರ್ವ್ ಮಾಡಿದವರು ಅಷ್ಟರಲ್ಲಿ ನೆಟ್ ಕಡೆ ಓಡಿದ್ದಾರೆ. ಜೊತೆಗಾರರು ಮೊದಲೇ ಅಲ್ಲಿದ್ದಾರೆ. ಪ್ಯಾಡೆಲ್‌ನಲ್ಲಿ ಸರ್ವ್‌ನ ಕೆಲಸ ಇದೇ: ನೆಟ್ ಹತ್ತಿರದ ಜಾಗ ಹಿಡಿಯುವುದು. ನೇರ ಪಾಯಿಂಟ್ ಸಿಗುವುದು ಅಪರೂಪ. ಜೋರಾಗಿ ಹೊಡೆದರೂ ಚೆಂಡು ಹಿಂದಿನ ಗಾಜಿಗೆ ಬಡಿದು ಎದುರಾಳಿಯ ಕೈಗೇ ಆರಾಮಾಗಿ ಬರುತ್ತದೆ.

ಸರ್ವ್ ಎದುರಿಸಿದವರು ಈಗ ನೆಟ್‌ನಲ್ಲಿರುವ ಇಬ್ಬರ ತಲೆ ಮೇಲಿಂದ ಎತ್ತರದ ಲಾಬ್ ಹಾಕುತ್ತಾರೆ. ಟೆನಿಸ್ ಆಟಗಾರ ಗಾಬರಿಯಿಂದ ಹಿಂದೆ ಓಡಿ, ಗಾಜಿಗೆ ಬೆನ್ನು ಹಚ್ಚಿ ನಿಂತುಬಿಡುತ್ತಾನೆ. ಚೆಂಡು ಗಾಜಿಗೆ ಬಡಿದು ಬಂದಾಗ ಅದು ಮೈಗೆ ಅಂಟಿಕೊಂಡಂತೆ ಇರುತ್ತದೆ, ಕೈ ಬೀಸಲು ಜಾಗವೇ ಸಿಗುವುದಿಲ್ಲ. ಮೊಣಕೈ ಹೊಟ್ಟೆಗೆ ಒತ್ತಿಕೊಂಡು ಹೊಡೆಯುವ ಹಾಗಾದರೆ ಗಾಜಿಗೆ ತೀರಾ ಹತ್ತಿರ ಹೋಗಿದ್ದೀರಿ ಅಂತಲೇ ಅರ್ಥ. ತಿಳಿದವರು ಪಕ್ಕಕ್ಕೆ ತಿರುಗಿ, ಬ್ಯಾಟ್ ಕೆಳಗಿಳಿಸಿ, ಚೆಂಡು ತಮ್ಮನ್ನು ದಾಟಲಿ ಎಂದು ಬಿಡುತ್ತಾರೆ. ಅದು ನೆಲಕ್ಕೆ ಪುಟಿದು ಗಾಜಿಗೆ ಬಡಿದು ಮರಳುವಾಗ, ಅದರ ಜೊತೆಗೇ ಒಂದೆರಡು ಹೆಜ್ಜೆ ಮುಂದೆ ಬರುತ್ತಾರೆ. ಮೊಣಕಾಲು ಬಗ್ಗಿಸಿ, ಚೆಂಡು ಇಳಿಯುತ್ತಿರುವಾಗ ಅದರ ಅಡಿಯಿಂದ ಎತ್ತಿ ತಾವೂ ಒಂದು ಲಾಬ್ ಕಳಿಸುತ್ತಾರೆ. ಆಗ ಎದುರಾಳಿಗಳು ಹಿಂದೆ ಸರಿಯಬೇಕಾಗುತ್ತದೆ, ನೆಟ್ ಜಾಗ ಮತ್ತೆ ಇವರದಾಗುತ್ತದೆ.

ಈ ಕಾಯುವಿಕೆಯೇ ಕಷ್ಟ. ಟೆನಿಸ್‌ನಲ್ಲಿ ನಾವು ಮಕ್ಕಳಿಗೆ ಚೆಂಡನ್ನು ಬೇಗ ಹಿಡಿ, ಮುಂದೆಯೇ ಹಿಡಿ ಅಂತ ಹೇಳಿಕೊಡುತ್ತೇವೆ. ಅದು ಮೈಗೆ ಹತ್ತಿದ ಅಭ್ಯಾಸ, ಸುಮ್ನೆ ಹೇಳಿದರೆ ಹೋಗುವುದಿಲ್ಲ. ಆದ್ದರಿಂದ ಆ ಹುಡುಗಿಗೆ ನಾನು ಕೊಟ್ಟ ಅಭ್ಯಾಸ ಇದು. ಹಿಂದಿನ ಗೋಡೆಯಿಂದ ಎರಡು ಮೀಟರ್ ದೂರ ಪಕ್ಕಕ್ಕೆ ತಿರುಗಿ ನಿಲ್ಲಬೇಕು. ಜೊತೆಯವರು ಮುಂದಿನಿಂದ ಚೆಂಡನ್ನು ಕೈಯಲ್ಲೇ ಮೆಲ್ಲಗೆ ಎಸೆಯಬೇಕು. ಮೊದಮೊದಲು ಬ್ಯಾಟ್ ಬೇಡ. ಚೆಂಡು ಪುಟಿದು, ಗೋಡೆಗೆ ಬಡಿದು ಬಂದ ಮೇಲೆ ಅದನ್ನು ಮೊಣಕಾಲಿನ ಎತ್ತರದಲ್ಲಿ, ಮೈಯಿಂದ ಒಂದು ತೋಳಿನ ದೂರದಲ್ಲಿ, ಕೈಯಲ್ಲಿ ಹಿಡಿಯಬೇಕು. ಹತ್ತಕ್ಕೆ ಎಂಟು ಸಲ ಹಾಗೆ ಸಿಕ್ಕರೆ ಆಮೇಲೆ ಬ್ಯಾಟ್ ತೆಗೆದುಕೊಳ್ಳಬಹುದು. ಇದಕ್ಕೆ ಪ್ಯಾಡೆಲ್ ಕೋರ್ಟೇ ಬೇಕೆಂದಿಲ್ಲ. ನಯವಾಗಿ ಗಿಲಾವು ಮಾಡಿದ ಗೋಡೆ, ಅದರ ಮುಂದೆ ಸಮತಟ್ಟಾದ ನೆಲ ಇದ್ದರೆ ನಮ್ಮ ಬೆಳಗಾವಿಯ ಯಾವ ಗಲ್ಲಿಯಲ್ಲಾದರೂ ಇವತ್ತು ಸಂಜೆಯೇ ಶುರು ಮಾಡಬಹುದು.

ನಮಸ್ಕಾರ.